ಕತ್ತರಿಸಿದರೂ ಬಿಡದ ಹಸಿರು ಗೋಡೆ

ಗಾಣದ ಕಡಲೆಕಾಯಿ ಎಣ್ಣೆ ತುಂಬಿದ ಅರ್ಧ ಲೀಟರಿನ ಗಾಜಿನ ಬಾಟಲಿ. ಮೇಲೆ ಕಪ್ಪು ಮುಚ್ಚಳ, ಹೊಟ್ಟೆಯ ಮೇಲೆ ಕಾಗದದ ಲೇಬಲ್. ಎಣ್ಣೆ ಹೆಗಲಿನವರೆಗೆ ಬಂದು ನಿಂತಿದೆ, ಅದರ ಮೇಲೆ ಕತ್ತಿನ ಭಾಗ ಖಾಲಿ. ಮನೆಯ ತೇಗದ ಮೇಜಿನ ಮೇಲಿಟ್ಟು ಫೋನಿನಲ್ಲಿ ಫೋಟೊ ತೆಗೆದಿದ್ದಾರೆ. ಎಡಗಡೆ ಕಿಟಕಿ, ಹಿಂದೆ ತಿಳಿಹಸಿರು ಬಣ್ಣದ ಗೋಡೆ. ಈ ಬಾಟಲಿಯನ್ನು ಫೋಟೊದಿಂದ ಬಿಡಿಸಿ, ಆನ್‌ಲೈನ್ ಅಂಗಡಿಯ ಕೆನೆಬಣ್ಣದ ಪುಟದ ಮೇಲೆ ಕೂರಿಸಬೇಕು. ಡಿಸೈನರ್ ಪೆನ್ ಟೂಲ್ ಹಿಡಿದು ಬಾಟಲಿಯ ಸುತ್ತ ಗೆರೆ ಎಳೆಯುತ್ತಾರೆ, ಹೊರಗಿನದನ್ನೆಲ್ಲ ಅಳಿಸುತ್ತಾರೆ, ಪುಟದ ಮೇಲೆ ತಂದು ಇಡುತ್ತಾರೆ. ಅಂಚು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಬಾಟಲಿ ಪುಟಕ್ಕೆ ಸೇರಿದಂತೆ ಕಾಣುವುದಿಲ್ಲ. ಕತ್ತಿನೊಳಗೆ ಹಸಿರು ಗೋಡೆ ಹಾಗೇ ಇದೆ. ಎಣ್ಣೆಯೊಳಗೆ ಮೇಜಿನ ಅಂಚು ಬಾಗಿದ ಕಂದು ಪಟ್ಟಿಯಾಗಿ ಉಳಿದಿದೆ.

ಮುಚ್ಚಳವನ್ನೋ ಲೇಬಲನ್ನೋ ಕತ್ತರಿಸುವಾಗ ಈ ತೊಂದರೆ ಬರುವುದಿಲ್ಲ. ಮುಚ್ಚಳದ ಮೇಲಿನ ಪ್ರತಿ ಬಿಂದುವಿನ ಬಣ್ಣವೂ ಮುಚ್ಚಳದ್ದೇ. ಕತ್ತಿನ ಗಾಜಿನ ಬಣ್ಣ ಹಾಗಲ್ಲ. ಅಲ್ಲಿ ಕ್ಯಾಮೆರಾ ದಾಖಲಿಸಿದ ಬೆಳಕಿನಲ್ಲಿ ಬಹುಪಾಲು ಗೋಡೆಯಿಂದ ಹೊರಟು ಗಾಜನ್ನು ಹಾದು ಬಂದದ್ದು. ಉಳಿದ ಸಣ್ಣ ಪಾಲು ಗಾಜಿನ ಮುಂಭಾಗಕ್ಕೆ ಬಡಿದು ಪ್ರತಿಫಲಿಸಿದ ಕಿಟಕಿಯ ಬೆಳಕು. ಗಾಜಿನ ಒಂದೊಂದು ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಮಿಕ್ಕದ್ದು ಒಳಗೆ ಹೋಗುತ್ತದೆ. ಹೀಗಾಗಿ ಬಾಟಲಿಯ ಕತ್ತನ್ನು ಕತ್ತರಿಸಿ ತಂದೆವು ಅಂದುಕೊಂಡಾಗ ನಿಜವಾಗಿ ತಂದದ್ದು ಬಾಟಲಿಯ ಆಕಾರದ ಒಂದು ತುಂಡು ಗೋಡೆ. ಹೊರಗೆರೆಯನ್ನು ಇನ್ನೆಷ್ಟು ಚೆಂದ ಎಳೆದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ತೊಂದರೆ ಇರುವುದು ಗೆರೆಯ ಒಳಗೆ.

ಆಗ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಕತ್ತಿನ ಭಾಗವನ್ನು ಆಯ್ದು ಅದರ ಒಪಾಸಿಟಿಯನ್ನು ಶೇ. 50ಕ್ಕೆ ಇಳಿಸುವುದು. ಇದರಿಂದ ಹಸಿರು ಅರ್ಧ ಕಡಿಮೆಯಾಗುತ್ತದೆ ನಿಜ. ಜೊತೆಗೆ ಗಾಜಿನ ಹೊಳಪೂ ಅರ್ಧವಾಗುತ್ತದೆ, ಅಂಚಿನ ಕಪ್ಪು ಗೆರೆಯೂ ಅರ್ಧವಾಗುತ್ತದೆ. ಗಾಜು ಅಂತ ನಮ್ಮ ಕಣ್ಣು ಗುರುತಿಸುವುದೇ ಆ ಹೊಳಪಿನಿಂದ ಮತ್ತು ಆ ಕಪ್ಪು ಅಂಚಿನಿಂದ. ಅವೆರಡೂ ಮಸುಕಾದರೆ ಬಾಟಲಿಯ ಕತ್ತು ಹೊಗೆ ಕಟ್ಟಿದ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಬೇಕಾದದ್ದು ಇಡೀ ಭಾಗಕ್ಕೆ ಒಂದೇ ಅಳತೆಯ ಪಾರದರ್ಶಕತೆ ಅಲ್ಲ, ಪ್ರತಿ ಬಿಂದುವಿಗೂ ಅದರದೇ ಅಳತೆ.

ಆ ಅಳತೆಗೆ ಚಿತ್ರ ಸಂಸ್ಕರಣೆಯವರು ಆಲ್ಫಾ ಎನ್ನುತ್ತಾರೆ. ಸೊಳ್ಳೆಪರದೆಯ ಮೂಲಕ ಕೋಣೆಯನ್ನು ನೋಡಿದಾಗ ಸ್ವಲ್ಪ ಪಾಲು ದಾರ ಕಾಣುತ್ತದೆ, ಸ್ವಲ್ಪ ಪಾಲು ಕೋಣೆ ಕಾಣುತ್ತದೆ. ದಾರ ಎಷ್ಟು ಪಾಲು ಮುಚ್ಚಿದೆಯೋ ಅದು ಆಲ್ಫಾ. ಆಲ್ಫಾ 1 ಆದರೆ ಹಿಂದಿನದು ಏನೂ ಕಾಣದು, 0 ಆದರೆ ಹಿಂದಿನದಷ್ಟೇ ಕಾಣುತ್ತದೆ. ನಮ್ಮ ಬಾಟಲಿಯ ಲೇಬಲ್ಲಿಗೆ 1, ಹೊರಗಿನ ಗಾಳಿಗೆ 0, ಕತ್ತಿನ ಗಾಜಿಗೆ ನಡುವಿನ ಯಾವುದೋ ಸಂಖ್ಯೆ. ಕತ್ತಿನ ನಡುಮಧ್ಯೆ ಅದು ಕಡಿಮೆ, ಅಂಚಿನ ಕಡೆ ಹೋದಂತೆ ಹೆಚ್ಚು, ಹೊಳಪಿನ ಪಟ್ಟಿ ಬಿದ್ದ ಕಡೆ ಮತ್ತೆ ಹೆಚ್ಚು.

ಈ ಸಂಖ್ಯೆಯನ್ನು ಒಂದೇ ಫೋಟೊದಿಂದ ಕಂಡುಹಿಡಿಯಲಾಗದು. ಕತ್ತಿನ ಒಂದು ಬಿಂದು ಬೂದು ಬಣ್ಣದಲ್ಲಿದೆ ಅಂತಿಟ್ಟುಕೊಳ್ಳಿ. ಅದು ಬಿಳಿ ಗೋಡೆಯ ಮುಂದಿನ ಕಪ್ಪು ಗಾಜೋ, ಕಪ್ಪು ಗೋಡೆಯ ಮುಂದೆ ಹೊಳೆಯುತ್ತಿರುವ ಗಾಜೋ ಎಂದು ಆ ಬೂದು ಬಣ್ಣವೊಂದೇ ಹೇಳಲಾರದು. ಸಿನಿಮಾದವರು ನೀಲಿ ಪರದೆಯ ಮುಂದೆ ನಟರನ್ನು ನಿಲ್ಲಿಸಿ ಹಿನ್ನೆಲೆ ಬದಲಿಸುವಾಗ ಎದುರಾದದ್ದೂ ಇದೇ ತೊಡಕು. 1996ರಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಜೇಮ್ಸ್ ಬ್ಲಿನ್ ಅದನ್ನು ಗಣಿತವಾಗಿ ಬಿಡಿಸಿ ತೋರಿಸಿದರು. ಒಂದು ಹಿನ್ನೆಲೆಯಿದ್ದರೆ ಲೆಕ್ಕಕ್ಕೆ ಎಷ್ಟು ಬೇಕಾದರೂ ಉತ್ತರಗಳಿವೆ. ಅದೇ ವಸ್ತುವನ್ನು ಅಲುಗಿಸದೆ ಎರಡು ಬೇರೆ ಬಣ್ಣದ ಹಿನ್ನೆಲೆಗಳ ಮುಂದೆ ಚಿತ್ರಿಸಿದರೆ ಉತ್ತರ ಒಂದೇ. ನಟ ಎರಡು ಸಲ ಒಂದೇ ರೀತಿ ನಿಲ್ಲಲಾರ, ಹಾಗಾಗಿ ಸಿನಿಮಾಕ್ಕೆ ಇದರ ಉಪಯೋಗ ಸೀಮಿತ. ಬಾಟಲಿ ನಿಲ್ಲುತ್ತದೆ. ಉತ್ಪನ್ನದ ಚಿತ್ರ ತೆಗೆಯುವವರಿಗೆ ಇದು ಹೇಳಿ ಮಾಡಿಸಿದ ದಾರಿ.

ಆ ದಾರಿ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಚಿತ್ರ ಕೊನೆಗೆ ಎಲ್ಲಿ ಕೂರುತ್ತದೆ? ಅಮೆಜಾನಿನಂಥ ದೊಡ್ಡ ಮಾರುಕಟ್ಟೆ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆಯನ್ನೇ ಕೇಳುತ್ತದೆ, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255. ಅಲ್ಲಿ ಪಾರದರ್ಶಕತೆಯ ಮಾತೇ ಬೇಡ. ಬಿಳಿ ಹಾಳೆಯ ಮುಂದೆ ಫೋಟೊ ತೆಗೆದು, ಹಾಳೆಯ ಬಿಳುಪನ್ನು 255ಕ್ಕೆ ಏರಿಸಿದರೆ ಕೆಲಸ ಮುಗಿಯಿತು. ಗಾಜಿನ ಮೂಲಕ ಕಾಣುವುದೂ ಬಿಳಿ, ಸುತ್ತ ಇರುವುದೂ ಬಿಳಿ. ಬಾಟಲಿ ನಿಮ್ಮದೇ ಅಂಗಡಿಯ ಬಣ್ಣದ ಪುಟಕ್ಕೆ, ಹಬ್ಬಕ್ಕೊಂದು ಬ್ಯಾನರಿಗೆ, ಬೇರೆ ಬೇರೆ ಹಿನ್ನೆಲೆಗೆ ಹೋಗಬೇಕಾದಾಗ ಮಾತ್ರ ಮುಂದಿನ ಶ್ರಮ.

ಎರಡು ಫೋಟೊಗಳ ಏರ್ಪಾಡು

ಬೇಕಾದ ಸಾಮಾನು ಹೆಚ್ಚಿಲ್ಲ. ದೊಡ್ಡ ಬಿಳಿ ಚಾರ್ಟ್ ಪೇಪರ್, ಅಷ್ಟೇ ಅಗಲದ ಮಂಕಾದ ಕಪ್ಪು ಬಟ್ಟೆ, ಕಪ್ಪು ಕಾಗದದ ಎರಡು ಉದ್ದ ಪಟ್ಟಿಗಳು, ಟ್ರೈಪಾಡ್. ಕಪ್ಪು ಚಾರ್ಟ್ ಪೇಪರ್ ನೋಡಲು ಕಪ್ಪಗಿದ್ದರೂ ಕಿಟಕಿಯ ಬೆಳಕಿಗೆ ಹೊಳೆದು ಬೂದಾಗುತ್ತದೆ. ಅದಕ್ಕಿಂತ ಮಕಮಲ್ ಬಟ್ಟೆ ವಾಸಿ.

ಬಾಟಲಿಯನ್ನು ಮೇಜಿನ ಮೇಲೆ ನೇರವಾಗಿ ಇಡಬಾರದು, ಏಕೆಂದರೆ ಮೇಜೂ ಹಿನ್ನೆಲೆಯೇ, ಅದು ತಳದ ಗಾಜಿನೊಳಗೆ ಹೊಕ್ಕುತ್ತದೆ. ಬಾಟಲಿಯ ತಳಕ್ಕಿಂತ ಕಿರಿದಾದ ಲೋಟವೊಂದನ್ನು ಬೋರಲು ಹಾಕಿ, ಅದಕ್ಕೆ ಕಪ್ಪು ಕಾಗದ ಸುತ್ತಿ, ಅದರ ಮೇಲೆ ಬಾಟಲಿ ನಿಲ್ಲಿಸಿ. ಕ್ಯಾಮೆರಾ ಬಾಟಲಿಯ ನಡುಮಟ್ಟಕ್ಕಿರಲಿ. ಆಗ ತಳ ಒಂದು ನೇರ ಗೆರೆಯಾಗಿ ಕಾಣುತ್ತದೆ, ಅದರ ಕೆಳಗಿನ ಲೋಟವನ್ನು ಸುಲಭವಾಗಿ ಕತ್ತರಿಸಿ ಹಾಕಬಹುದು. ಹಿನ್ನೆಲೆಯ ಹಾಳೆ ಬಾಟಲಿಯಿಂದ ಎರಡು ಮೂರು ಅಡಿ ಹಿಂದಿರಲಿ, ಲೋಟಕ್ಕಿಂತ ಕೆಳಗಿನವರೆಗೂ ಇಳಿಬಿದ್ದಿರಲಿ. ಹಾಳೆಯನ್ನು ಬದಲಿಸುವಾಗ ಬಾಟಲಿಯ ಹತ್ತಿರ ಕೈ ಹೋಗಬಾರದು, ಅದಕ್ಕೇ ಈ ದೂರ.

ಕಪ್ಪು ಪಟ್ಟಿಗಳು ಬಾಟಲಿಯ ಎಡಬಲಕ್ಕೆ, ಫೋಟೊದ ಚೌಕಟ್ಟಿನಿಂದ ಸ್ವಲ್ಪವೇ ಆಚೆ ನಿಲ್ಲಬೇಕು. ಗಾಜಿನ ಬಾಟಲಿಯ ಅಂಚಿನಲ್ಲಿ ಬೆಳಕು ಬಹಳ ಬಾಗುತ್ತದೆ. ಅಲ್ಲಿ ಕ್ಯಾಮೆರಾ ನೋಡುವುದು ನೇರ ಹಿಂದಿನ ಹಾಳೆಯನ್ನಲ್ಲ, ಪಕ್ಕದಲ್ಲಿರುವುದನ್ನು. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಬಾಟಲಿಯ ಎರಡೂ ಬದಿಗೆ ತೆಳುವಾದ ಕಪ್ಪು ಗೆರೆ ತಾನಾಗಿ ಮೂಡುತ್ತದೆ. ಕೆನೆಬಣ್ಣದ ಪುಟದ ಮೇಲೆ ಖಾಲಿ ಕತ್ತು ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದು ಆ ಗೆರೆಯೇ. ಆಮೇಲೆ ಕಂಪ್ಯೂಟರಿನಲ್ಲಿ ಬರೆದ ಗೆರೆಗೆ ಆ ಸಹಜ ಏರಿಳಿತ ಬರುವುದಿಲ್ಲ. ಕಿಟಕಿ ಇರುವ ಎಡಗಡೆ ಪಟ್ಟಿ ಬೆಳಕನ್ನು ಪೂರ್ತಿ ತಡೆಯದಷ್ಟು ಕಿರಿದಾಗಿರಲಿ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿದರೆ ಗಾಜಿನ ಮೇಲೆ ಕಂಬಿಗಳ ನೆರಳಿಲ್ಲದ ಉದ್ದನೆಯ ಹೊಳಪಿನ ಪಟ್ಟಿ ಬೀಳುತ್ತದೆ. ಆ ಹೊಳಪು ಹಿನ್ನೆಲೆಯದಲ್ಲ, ಗಾಜಿನ ಮುಂಭಾಗದ್ದು. ಅದನ್ನು ಉಳಿಸಿಕೊಳ್ಳಬೇಕು.

ಇನ್ನು ಫೋನು. ಬಿಳಿ ಹಾಳೆ ಕಂಡಾಗ ಫೋನು ತಾನೇ ಬೆಳಕು ತಗ್ಗಿಸುತ್ತದೆ, ಕಪ್ಪು ಬಟ್ಟೆ ಕಂಡಾಗ ಏರಿಸುತ್ತದೆ. ಹಾಗಾದರೆ ಎರಡು ಫೋಟೊಗಳನ್ನು ಒಂದಕ್ಕೊಂದು ಹೋಲಿಸುವ ಲೆಕ್ಕವೇ ಬಿದ್ದುಹೋಗುತ್ತದೆ. ಬಿಳಿ ಹಾಳೆ ಇಟ್ಟಾಗ ಲೇಬಲ್ಲಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಐಎಸ್ಒ, ಶಟರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕೈಯಾರೆ ನಿಗದಿ ಮಾಡುವುದು ಇನ್ನೂ ಒಳ್ಳೆಯದು. ಎಚ್‌ಡಿಆರ್ ಆಫ್ ಮಾಡಿ. ಬಟನ್ ಒತ್ತುವಾಗ ಫೋನು ಅಲುಗದಂತೆ ಟೈಮರ್ ಹಾಕಿ. ಬಿಳಿ ಹಾಳೆ ಫೋಟೊದಲ್ಲಿ 255 ಮುಟ್ಟದೆ 250ರ ಹತ್ತಿರ ಇರುವಂತೆ ನೋಡಿಕೊಳ್ಳಿ. ಮುಟ್ಟಿದರೆ ಅದಕ್ಕಿಂತ ಹೆಚ್ಚಿನ ಬೆಳಕೆಲ್ಲ ಒಂದೇ ಬಿಳಿಯಾಗಿ ಕೂಡಿಹೋಗಿ ಲೆಕ್ಕ ತಪ್ಪುತ್ತದೆ. ಬಿಳಿಯದೊಂದು ಫೋಟೊ ತೆಗೆದು, ಬಟ್ಟೆ ಇಳಿಬಿಟ್ಟು, ಕೂಡಲೇ ಕಪ್ಪಿನದೊಂದು. ನಡುವೆ ಮೋಡ ಸರಿದರೆ ಎರಡನ್ನೂ ಮತ್ತೆ ತೆಗೆಯಬೇಕು.

ಒಂದು ಬಿಂದುವಿನ ಲೆಕ್ಕ

ಬಿಳಿ ಹಾಳೆ ಫೋಟೊದಲ್ಲಿ 250, ಕಪ್ಪು ಬಟ್ಟೆ 10 ಎಂದು ಬಂದಿದೆ ಎನ್ನೋಣ. ಎರಡರ ನಡುವಿನ ಅಂತರ 240. ಲೇಬಲ್ಲಿನ ಮೇಲೆ ಒಂದು ಬಿಂದು ನೋಡಿ: ಬಿಳಿಯ ಮುಂದೆ 180, ಕಪ್ಪಿನ ಮುಂದೆಯೂ 180. ಹಿನ್ನೆಲೆ ಬದಲಾದರೂ ಬಿಂದು ಬದಲಾಗಲಿಲ್ಲ, ಅಂದರೆ ಅಲ್ಲಿ ಹಿನ್ನೆಲೆಯ ಪಾಲು ಸೊನ್ನೆ, ಆಲ್ಫಾ 1. ಬಾಟಲಿಯ ಹೊರಗಿನ ಬಿಂದು 250ರಿಂದ 10ಕ್ಕೆ ಪೂರ್ತಿ ಇಳಿಯಿತು, ಅಲ್ಲಿ ಆಲ್ಫಾ 0. ಈಗ ಕತ್ತಿನ ಮೇಲೆ ನಸುಹೊಳಪಿರುವ ಒಂದು ಬಿಂದು: ಬಿಳಿಯ ಮುಂದೆ 210, ಕಪ್ಪಿನ ಮುಂದೆ 40. ಅದು ಬದಲಾದದ್ದು 170. ಹಿನ್ನೆಲೆ ಬದಲಾದದ್ದು 240. 170ನ್ನು 240ರಿಂದ ಭಾಗಿಸಿದರೆ 0.71, ಅಂದರೆ ಆ ಬಿಂದುವಿನಲ್ಲಿ ಹಿನ್ನೆಲೆಯ ಪಾಲು ಶೇ. 71, ಗಾಜಿನ ಪಾಲು ಶೇ. 29. ಆಲ್ಫಾ 0.29.

ಗಾಜಿನದೇ ಬಣ್ಣ ಎಷ್ಟು? ಕಪ್ಪಿನ ಮುಂದೆ ಬಂದ 40ರಲ್ಲಿ ಬಟ್ಟೆಯ ಪಾಲು 10ರ ಶೇ. 71, ಸುಮಾರು 7. ಉಳಿದ 33 ಗಾಜಿನದು. ಅದು ಶೇ. 29ರಷ್ಟು ಮುಚ್ಚಿ 33 ಕೊಟ್ಟಿದ್ದರೆ, ಪೂರ್ತಿ ಮುಚ್ಚಿದಾಗ ಸುಮಾರು 113. ಈ ಎರಡು ಸಂಖ್ಯೆ, 113 ಮತ್ತು 0.29, ಸಿಕ್ಕ ಮೇಲೆ ಹಳೆಯ ಹಿನ್ನೆಲೆ ಆ ಬಿಂದುವಿನಿಂದ ನಿಜಕ್ಕೂ ಹೊರಗೆ ಹೋಯಿತು. ಪುಟದ ಬಣ್ಣ 230 ಆದರೆ ಅಲ್ಲಿ ಗಾಜು 196 ಆಗಿ ಕಾಣುತ್ತದೆ, ಪುಟ ಗಾಢವಾದರೆ ಗಾಜೂ ಅದರೊಂದಿಗೆ ಗಾಢವಾಗುತ್ತದೆ.

ಇದನ್ನು ಲಕ್ಷಾಂತರ ಬಿಂದುಗಳಿಗೆ ಮಾಡುವುದು ಫೋಟೊಶಾಪ್ ಅಥವಾ ಉಚಿತವಾಗಿ ಸಿಗುವ ಗಿಂಪ್‌ನ ಕೆಲಸ. ಮೊದಲು ಎರಡೂ ಫೋಟೊಗಳಿಗೆ `Levels` ತೆರೆದು 10ನ್ನು 0ಗೂ 250ನ್ನು 255ಗೂ ಎಳೆಯಿರಿ, ಎರಡಕ್ಕೂ ಅದೇ ಸಂಖ್ಯೆಗಳು. ಆಮೇಲೆ ಒಂದರ ಮೇಲೊಂದು ಲೇಯರ್ ಆಗಿ ಇಟ್ಟು ಮೇಲಿನದಕ್ಕೆ `Difference` ಮೋಡ್ ಕೊಟ್ಟರೆ ಎರಡರ ವ್ಯತ್ಯಾಸ ಕಾಣುತ್ತದೆ. ಅದನ್ನು ಹೊಸ ಲೇಯರ್ ಮಾಡಿಕೊಂಡು `Invert` ಮಾಡಿ, ಬಣ್ಣ ತೆಗೆದರೆ ಸಿಗುವ ಬೂದು ಚಿತ್ರವೇ ಆಲ್ಫಾದ ನಕ್ಷೆ. ಇದರಲ್ಲಿ ಲೇಬಲ್ಲೂ ಮುಚ್ಚಳವೂ ಅಚ್ಚ ಬಿಳಿ, ಹೊರಗೆಲ್ಲ ಅಚ್ಚ ಕಪ್ಪು, ಕತ್ತು ಬೂದು. ಈಗ ಕಪ್ಪು ಹಿನ್ನೆಲೆಯ ಫೋಟೊವನ್ನು ಕೆಳಗಿಟ್ಟು, ನಕ್ಷೆಯನ್ನು ಮೇಲಿಟ್ಟು `Divide` ಮೋಡ್ ಕೊಟ್ಟರೆ ಗಾಜಿನ ಸ್ವಂತ ಬಣ್ಣ ಬರುತ್ತದೆ. ಬಂದದ್ದನ್ನು ಒಂದೇ ಲೇಯರ್ ಮಾಡಿ, ಅದೇ ನಕ್ಷೆಯನ್ನು ಅದಕ್ಕೆ ಮಾಸ್ಕ್ ಆಗಿ ಹಾಕಿ. ಗಿಂಪ್‌ನಲ್ಲಿ ಈ ಲೇಯರುಗಳ ಬ್ಲೆಂಡ್ ಸ್ಪೇಸ್ `perceptual` ಇರಲಿ, ಏಕೆಂದರೆ ಬ್ರೌಸರುಗಳು ಚಿತ್ರವನ್ನು ಪುಟದೊಂದಿಗೆ ಬೆರೆಸುವುದೂ ಅದೇ ರೀತಿಯಲ್ಲಿ.

ಸರಿಯಾಯಿತೇ ಎಂದು ತಿಳಿಯಲು ಒಂದು ಗಟ್ಟಿ ಪರೀಕ್ಷೆ ಇದೆ. ಬಿಡಿಸಿದ ಬಾಟಲಿಯ ಕೆಳಗೆ ಅಚ್ಚ ಬಿಳಿ ಲೇಯರ್ ಹಾಕಿ. ಅದು ನಿಮ್ಮ ಬಿಳಿ ಹಿನ್ನೆಲೆಯ ಫೋಟೊದಂತೆಯೇ ಕಾಣಬೇಕು. ಕಪ್ಪು ಹಾಕಿದರೆ ಕಪ್ಪಿನದರಂತೆ. ಆಮೇಲೆ ಕಣ್ಣಿಗೆ ರಾಚುವ ಗುಲಾಬಿ ಬಣ್ಣ ಹಾಕಿ ನೋಡಿ, ಎಲ್ಲಿ ಏನು ಉಳಿದಿದೆಯೋ ಅದು ಗುಲಾಬಿಯ ಮೇಲೆ ಎದ್ದು ಕಾಣುತ್ತದೆ. ಲೇಬಲ್ಲಿನ ಒಂದು ಬದಿಗೆ ಬಿಳಿ ಗೆರೆ, ಇನ್ನೊಂದು ಬದಿಗೆ ಕಪ್ಪು ಗೆರೆ ಇದ್ದರೆ ಎರಡು ಫೋಟೊಗಳ ನಡುವೆ ಬಾಟಲಿಯೋ ಫೋನೋ ಅಲುಗಿದೆ. ಒಂದೆರಡು ಪಿಕ್ಸೆಲ್ ಆದರೆ ಮೇಲಿನ ಲೇಯರನ್ನು ಬಾಣದ ಕೀಲಿಯಿಂದ ಸರಿಸಿ ಹೊಂದಿಸಬಹುದು. ಹೆಚ್ಚಾದರೆ ಮತ್ತೆ ತೆಗೆಯುವುದೇ ಬೇಗ. ನಕ್ಷೆಯಲ್ಲಿ ಲೇಬಲ್ ಅಚ್ಚ ಬಿಳಿಯಾಗದೆ ಬೂದಾಗಿದ್ದರೆ ಬೆಳಕು ಬದಲಾಗಿದೆ ಅಥವಾ ಫೋನಿನ ಲಾಕ್ ಬಿಟ್ಟುಹೋಗಿದೆ.

ಎಣ್ಣೆಯ ಭಾಗ ಬೇರೆ

ಇಷ್ಟೆಲ್ಲ ಮಾಡಿದ ಮೇಲೂ ಎಣ್ಣೆ ತುಂಬಿದ ಭಾಗ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಬಣ್ಣ. ಎಣ್ಣೆಯೊಳಗಿನ ಒಂದು ಬಿಂದು ಬಿಳಿಯ ಮುಂದೆ ಕೆಂಪು 235, ಹಸಿರು 190, ನೀಲಿ 70 ಎಂದು ಬಂದು, ಕಪ್ಪಿನ ಮುಂದೆ 45, 30, 8 ಎಂದು ಬಂತೆನ್ನಿ. ಮೂರಕ್ಕೂ ಅದೇ ಲೆಕ್ಕ ಹಾಕಿದರೆ ಕೆಂಪಿಗೆ ಆಲ್ಫಾ 0.21, ಹಸಿರಿಗೆ 0.33, ನೀಲಿಗೆ 0.74. ಎಣ್ಣೆ ಕೆಂಪು ಬೆಳಕನ್ನು ಸಲೀಸಾಗಿ ಬಿಡುತ್ತದೆ, ನೀಲಿಯನ್ನು ನುಂಗುತ್ತದೆ. ಅದು ಹಳದಿಯಾಗಿ ಕಾಣುವುದೇ ಹಾಗಾಗಿ. ಆದರೆ ಪಿಎನ್‌ಜಿ ಕಡತದಲ್ಲಿ ಒಂದು ಬಿಂದುವಿಗೆ ಒಂದೇ ಆಲ್ಫಾ ಇಡಬಹುದು, ಮೂರನ್ನಿಡಲು ಜಾಗವಿಲ್ಲ. ಸರಾಸರಿ ತೆಗೆದುಕೊಂಡರೆ ಎಣ್ಣೆ ಒಂದು ಪುಟದ ಮೇಲೆ ಮಸುಕು ಹಳದಿ, ಇನ್ನೊಂದರ ಮೇಲೆ ಕೆಸರು ಬಣ್ಣ. ಹಸಿರು ಗಾಜಿನ ಬಾಟಲಿಗೂ ಜೇನಿನ ಬಾಟಲಿಗೂ ಕಂದು ಬಣ್ಣದ ಔಷಧದ ಬಾಟಲಿಗೂ ಇದೇ ಮಾತು.

ಎರಡನೆಯದು ಬೆಳಕಿನ ಬಾಗು. ತುಂಬಿದ ಬಾಟಲಿ ಒಂದು ಮಸೂರ. ಎಣ್ಣೆಯ ವಕ್ರೀಭವನಾಂಕ ಸುಮಾರು 1.47, ಗಾಜಿನದು ಸುಮಾರು 1.5. ಎರಡೂ ಇಷ್ಟು ಹತ್ತಿರವಿರುವುದರಿಂದ ಬೆಳಕಿಗೆ ಗಾಜೂ ಎಣ್ಣೆಯೂ ಸೇರಿ ಒಂದೇ ಗಟ್ಟಿ ಕಂಬದಂತೆ. ಬಾಟಲಿಯ ಅಗಲ 7 ಸೆಂಟಿಮೀಟರ್ ಇದ್ದರೆ ಆ ಮಸೂರದ ನಾಭಿ ಬಾಟಲಿಯ ಗೋಡೆಯಿಂದ ಸುಮಾರು 2 ಸೆಂಟಿಮೀಟರ್ ಆಚೆಗೇ ಬೀಳುತ್ತದೆ. ಅದಕ್ಕಿಂತ ಹಿಂದಿರುವುದೆಲ್ಲ ಎಡ ಬಲಕ್ಕೆ, ಬಲ ಎಡಕ್ಕೆ ತಿರುಗಿ ಕಾಣುತ್ತದೆ. ಕಾಗದದ ಮೇಲೆ ಬಾಣದ ಗುರುತು ಬರೆದು ನೀರು ತುಂಬಿದ ಬಾಟಲಿಯ ಹಿಂದೆ ಹಿಡಿದರೆ ಯಾರು ಬೇಕಾದರೂ ಇದನ್ನು ಮನೆಯಲ್ಲೇ ನೋಡಬಹುದು. ಆಲ್ಫಾದ ಲೆಕ್ಕಕ್ಕೆ ಈ ತಿರುಗುವಿಕೆ ಗೊತ್ತಿಲ್ಲ. ಅದು ಹಿಂದಿನದನ್ನು ಇದ್ದಲ್ಲೇ ನೇರವಾಗಿ ತೋರಿಸುತ್ತದೆ. ಪುಟದ ಹಿನ್ನೆಲೆ ಒಂದೇ ಬಣ್ಣದ್ದಾದರೆ ಯಾರಿಗೂ ತಿಳಿಯದು. ಹಿಂದೆ ಕಡಲೆಕಾಯಿ ರಾಶಿಯ ಚಿತ್ರವೋ ಬರಹವೋ ಇದ್ದರೆ ಎಣ್ಣೆಯ ಮೂಲಕ ಅದು ಬಾಗದೆ ನೆಟ್ಟಗೆ ಕಾಣುವುದು ಸುಳ್ಳೆಂದು ಕಣ್ಣಿಗೆ ಹೊಡೆಯುತ್ತದೆ. ಬಾಗುವ ಬೆಳಕನ್ನೂ ಸೇರಿಸಿ ಗಾಜನ್ನು ಬಿಡಿಸುವ ವಿಧಾನವನ್ನು 1999ರಲ್ಲಿ ಡಗ್ಲಸ್ ಜೋಂಕರ್ ಮತ್ತು ಸಂಗಡಿಗರು ತೋರಿಸಿದರು. ಅದಕ್ಕೆ ವಸ್ತುವಿನ ಹಿಂದೆಯೂ ಪಕ್ಕದಲ್ಲೂ ಪಟ್ಟೆ ವಿನ್ಯಾಸಗಳನ್ನು ಬದಲಿಸುತ್ತ ಸಾಲುಸಾಲು ಫೋಟೊ ಬೇಕು. ಎಣ್ಣೆ ಮಾರುವವರಿಗೆ ಅಷ್ಟು ಬೇಕಿಲ್ಲ.

ಖಾಲಿ ಕತ್ತಿನಲ್ಲಿ ಈ ಎರಡೂ ತೊಂದರೆ ಇಲ್ಲ. ಅಲ್ಲಿರುವುದು ತೆಳು ಗಾಜಿನ ಕೊಳವೆ, ಒಳಗೆ ಗಾಳಿ. ಬೆಳಕು ಅಂಚನ್ನು ಬಿಟ್ಟರೆ ಬಹುಮಟ್ಟಿಗೆ ನೇರ ಹೋಗುತ್ತದೆ, ಗಾಜಿಗೆ ಬಣ್ಣವೂ ಇಲ್ಲ. ಹಾಗಾಗಿ ನನ್ನ ಶಿಫಾರಸು ಇದು: ಆಲ್ಫಾದ ಲೆಕ್ಕವನ್ನು ಕತ್ತಿಗೆ ಮಾತ್ರ ಬಳಸಿ. ಮುಚ್ಚಳವನ್ನೂ ಲೇಬಲನ್ನೂ ಪೆನ್ ಟೂಲಿನಲ್ಲಿ ಬಿಡಿಸಿ ಪೂರ್ತಿ ಅಪಾರದರ್ಶಕ ಮಾಡಿ. ಎಣ್ಣೆಯ ಭಾಗವನ್ನೂ ತಳದ ದಪ್ಪ ಗಾಜನ್ನೂ ಬಿಳಿ ಹಿನ್ನೆಲೆಯ ಫೋಟೊದಿಂದ ತೆಗೆದುಕೊಂಡು, ಅವನ್ನೂ ಅಪಾರದರ್ಶಕವಾಗಿಯೇ ಇಡಿ. ಹಿಂದಿನಿಂದ ಬಿಳಿ ಬೆಳಕು ಬಂದಾಗಿನ ಹೊನ್ನಿನ ಬಣ್ಣವೇ ಎಣ್ಣೆಯನ್ನು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಾಗ ಕಾಣುವ ಬಣ್ಣ. ತಿಳಿಬಣ್ಣದ ಯಾವ ಪುಟದ ಮೇಲೂ ಅದು ಸಹಜವಾಗಿ ಕೂರುತ್ತದೆ. ಕಡುಗಪ್ಪು ಪುಟದ ಮೇಲೆ ಮಾತ್ರ ಎಣ್ಣೆ ದೀಪದಂತೆ ಹೊಳೆಯುತ್ತದೆ. ಅಂಥ ಪುಟಕ್ಕೆ ಕಪ್ಪು ಹಿನ್ನೆಲೆಯ ಮುಂದೆ ಬೇರೆಯೇ ಚಿತ್ರ ತೆಗೆಯಬೇಕು.

ಎಣ್ಣೆಯ ಮಟ್ಟದ ಗೆರೆಯಲ್ಲಿ ಎರಡು ಭಾಗಗಳು ಕೂಡುತ್ತವೆ. ಅಲ್ಲಿ ಎಣ್ಣೆ ಗಾಜಿನ ಗೋಡೆಗೆ ಅಂಟಿ ಸ್ವಲ್ಪ ಮೇಲೇರಿರುತ್ತದೆ, ಆ ಬಾಗನ್ನು ಅನುಸರಿಸಿಯೇ ಮಾಸ್ಕ್ ಹಾಕಿ, ಅಂಚನ್ನು ಒಂದೆರಡು ಪಿಕ್ಸೆಲ್ ಮೃದು ಮಾಡಿ. ನೇರ ಗೆರೆ ಎಳೆದರೆ ಬಾಟಲಿಯನ್ನು ಅಲ್ಲಿ ಕೊಯ್ದು ಅಂಟಿಸಿದಂತೆ ಕಾಣುತ್ತದೆ.

ಹಳೆಯ ಫೋಟೊ ಒಂದೇ ಇದ್ದರೆ

ಬಾಟಲಿಯ ವಿನ್ಯಾಸ ಬದಲಾಗಿದೆ, ಅಥವಾ ಸರಕು ಬೇರೆ ಊರಿನಲ್ಲಿದೆ, ಮತ್ತೆ ಫೋಟೊ ತೆಗೆಯಲಾಗದು. ಹಸಿರು ಗೋಡೆಯ ಆ ಒಂದೇ ಫೋಟೊ ಕೈಯಲ್ಲಿದೆ. ಆಗ ಪೂರ್ತಿಯಲ್ಲದಿದ್ದರೂ ಕತ್ತಿನ ಮಟ್ಟಿಗೆ ಒಂದು ಉಪಾಯ ಇದೆ. ಗೋಡೆ ಒಂದೇ ಬಣ್ಣದ್ದಾಗಿದ್ದರೆ ಮಾತ್ರ ಅದು ನಡೆಯುತ್ತದೆ.

ಕತ್ತಿನ ಮೂಲಕ ಕಾಣುವ ಗೋಡೆಯ ಬಣ್ಣ ಕೆಂಪು 150, ಹಸಿರು 175, ನೀಲಿ 140 ಎಂದಿರಲಿ. ಕತ್ತನ್ನು ಬೇರೆ ಲೇಯರಿಗೆ ತೆಗೆದು ಬಣ್ಣ ಕಳೆದರೆ ಆ ಗೋಡೆ ಸುಮಾರು 167ರ ಬೂದಾಗುತ್ತದೆ. ಇದರ ಎರಡು ಪ್ರತಿ ಮಾಡಿಕೊಳ್ಳಿ. ಒಂದರಲ್ಲಿ `Levels`ನ ಬಿಳಿ ತುದಿಯನ್ನು 167ಕ್ಕೆ ತನ್ನಿ: ಗೋಡೆ ಅಚ್ಚ ಬಿಳಿಯಾಯಿತು, ಅದಕ್ಕಿಂತ ಕಪ್ಪಗಿರುವ ಅಂಚಿನ ಗೆರೆಗಳು ಉಳಿದವು. ಈ ಲೇಯರಿಗೆ `Multiply` ಮೋಡ್ ಕೊಟ್ಟರೆ ಬಿಳಿ ಕಾಣೆಯಾಗಿ ಗೆರೆಗಳು ಮಾತ್ರ ಪುಟದ ಮೇಲೆ ನಿಲ್ಲುತ್ತವೆ. ಇನ್ನೊಂದು ಪ್ರತಿಯಲ್ಲಿ ಕಪ್ಪು ತುದಿಯನ್ನು 167ಕ್ಕೆ ತನ್ನಿ: ಗೋಡೆ ಅಚ್ಚ ಕಪ್ಪಾಯಿತು, ಅದಕ್ಕಿಂತ ಬೆಳ್ಳಗಿನ ಕಿಟಕಿಯ ಹೊಳಪು ಉಳಿಯಿತು. ಅದಕ್ಕೆ `Screen` ಮೋಡ್. ಕಪ್ಪು ಕಾಣೆಯಾಗಿ ಹೊಳಪು ನಿಲ್ಲುತ್ತದೆ. ಎರಡೂ ಸೇರಿದರೆ ಹಸಿರಿಲ್ಲದ ಗಾಜಿನ ಕತ್ತು. ಗೋಡೆಯ ಬೆಳಕು ಎಡದಿಂದ ಬಲಕ್ಕೆ ಕುಗ್ಗಿದ್ದರೆ 167 ಎಂಬ ಒಂದೇ ಸಂಖ್ಯೆ ಇಡೀ ಕತ್ತಿಗೆ ಹೊಂದದು, ಒಂದು ಬದಿಗೆ ಬೂದು ಛಾಯೆ ಉಳಿಯುತ್ತದೆ. ಅಲ್ಲಿ ಬ್ರಷ್ಷಿನಿಂದ ತಿದ್ದಬೇಕು. ಬೆರೆಸಿದ್ದನ್ನು ಪುಟದ ಬಣ್ಣದ ಮೇಲೆಯೇ ಒಂದಾಗಿಸಿ ಉಳಿಸಬೇಕು, ಏಕೆಂದರೆ ಪಿಎನ್‌ಜಿಯೊಳಗೆ ಈ ಮೋಡುಗಳು ಹೋಗುವುದಿಲ್ಲ.

ಎಣ್ಣೆಯೊಳಗೆ ಬಾಗಿ ಕೂತ ಮೇಜಿನ ಅಂಚಿಗೆ ಈ ಉಪಾಯವಿಲ್ಲ. ಹಸಿರು ಗೋಡೆಯೂ ಕಂದು ಮರವೂ ಹಳದಿ ಎಣ್ಣೆಯೂ ಅಲ್ಲಿ ಒಂದೇ ಬಣ್ಣವಾಗಿ ಬೆರೆತಿವೆ. ಕ್ಲೋನ್ ಮಾಡಿ ಮುಚ್ಚಬಹುದು, ಆದರೆ ಆಗ ನೀವು ತೋರಿಸುತ್ತಿರುವುದು ಊಹಿಸಿ ಬಳಿದ ಎಣ್ಣೆ. ಗಂಟೆಗಟ್ಟಲೆ ಅದರ ಹಿಂದೆ ಕೂರುವ ಬದಲು ಒಂದು ಬಾಟಲಿ ತರಿಸಿಕೊಂಡು ಬಿಳಿ ಹಾಳೆಯ ಮುಂದೆ ಇಡುವುದೇ ಕಡಿಮೆ ಕೆಲಸ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕಡತ ಉಳಿಸುವಾಗ ಜೆಪೆಗ್ ಬೇಡ. ಅದಕ್ಕೆ ಪಾರದರ್ಶಕತೆ ತಿಳಿಯದು, ಮಾಡಿದ ಕೆಲಸವೆಲ್ಲ ಬಿಳಿಯ ಮೇಲೆ ಚಪ್ಪಟೆಯಾಗಿಬಿಡುತ್ತದೆ. ಪಿಎನ್‌ಜಿ ಅಥವಾ ವೆಬ್‌ಪಿ ಬಳಸಿ, ಬಣ್ಣದ ಪ್ರೊಫೈಲ್ ಎಸ್ಆರ್‌ಜಿಬಿ ಇರಲಿ.

ಎಣ್ಣೆ ಮಾರುವವರಲ್ಲಿ, ಅವರಿಗೆ ಚಿತ್ರ ಮಾಡಿಕೊಡುವವರಲ್ಲಿ ಒಂದು ವಿನಂತಿ. ಹಿನ್ನೆಲೆ ತೆಗೆಯುವ ಭರದಲ್ಲಿ ಎಣ್ಣೆಯ ಬಣ್ಣವನ್ನು ಇನ್ನಷ್ಟು ಹೊಳೆಸಬೇಡಿ. ಗಾಣದ ಎಣ್ಣೆ ಕೊಳ್ಳುವವರು ಬಣ್ಣ ನೋಡಿ ಕೊಳ್ಳುತ್ತಾರೆ. ಚಿತ್ರ ಮುಗಿದ ಮೇಲೆ ಬಾಟಲಿಯನ್ನು ಪರದೆಯ ಪಕ್ಕ ಬಿಳಿ ಹಾಳೆಯ ಮುಂದೆ ಹಿಡಿದು, ಎರಡೂ ಒಂದೇ ಬಣ್ಣವಿದೆಯೇ ಎಂದು ನೋಡಿಕೊಂಡು ಪುಟಕ್ಕೆ ಹಾಕಿ.